ಮೀಟರಿಗೊಂದು ವಯಸ್ಸು, ಕ್ಯಾಲೆಂಡರಿಗೊಂದು ವಯಸ್ಸು

ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರ ಮನೆಗೆ ಬಂದ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ‘ಒಂದು ಚಾರ್ಜಿಗೆ ಎಷ್ಟು ಓಡತ್ತೆ?’ ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: ‘ಅಲ್ಲಾ, ಬ್ಯಾಟರಿ ಹೋದ್ರೆ?’

ಮೊದಲ ಪ್ರಶ್ನೆಗೆ ಶೋರೂಮಿನ ಹುಡುಗನೂ ಥಟ್ಟನೆ ಉತ್ತರ ಹೇಳುತ್ತಾನೆ. ಎರಡನೆಯದಕ್ಕೆ ಬರುವ ಉತ್ತರಗಳು ಎರಡೇ ಬಗೆ. ಕೊಂಡವರು ‘ಎಂಟು ವರ್ಷ ವಾರಂಟಿ ಇದೆ ಬಿಡಿ’ ಎನ್ನುತ್ತಾರೆ. ಕೊಳ್ಳದವರು ‘ಉಳಿಸಿದ ಪೆಟ್ರೋಲ್ ದುಡ್ಡೆಲ್ಲ ಒಂದು ಬ್ಯಾಟರಿಗೇ ಹೋಗತ್ತೆ’ ಎನ್ನುತ್ತಾರೆ. ಇಬ್ಬರೂ ಲೆಕ್ಕ ಹಾಕಿ ಮಾತಾಡಿರುವುದಿಲ್ಲ. ಹಾಕಿದರೆ ಒಂದು ಸೋಜಿಗ ಕಾಣುತ್ತದೆ: ಒಂದೇ ಮನೆಯ ಇಬ್ಬರಿಗೆ ಇದೇ ಲೆಕ್ಕ ಎರಡು ಬೇರೆ ಉತ್ತರ ಕೊಡಬಹುದು.

ಅಂಥ ಒಂದು ಮನೆಯನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಮೈಸೂರಿನ ಕುವೆಂಪುನಗರದಲ್ಲಿ ಮನೆ. ಮಗ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಹೋಗಿ ಬರುತ್ತಾನೆ. ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡುವುದೂ ಸೇರಿ ದಿನಕ್ಕೆ 25 ಕಿಲೋಮೀಟರ್. ರಜೆ ಕಳೆದು ವರ್ಷಕ್ಕೆ 320 ದಿನ ಓಡಿಸಿದರೆ 8,000 ಕಿ.ಮೀ. ಅಪ್ಪ ನಿವೃತ್ತ ಮೇಷ್ಟ್ರು. ಹಾಲು, ತರಕಾರಿ, ಲೈಬ್ರರಿ, ಸಂಜೆ ಗೆಳೆಯರ ಮನೆ ಎಲ್ಲ ಸೇರಿ ದಿನಕ್ಕೆ ಏಳು ಕಿ.ಮೀ. ಆದರೆ ಹೆಚ್ಚು. ವರ್ಷಕ್ಕೆ ಸುಮಾರು 2,500. ಇಬ್ಬರೂ ಹೊಸ ಗಾಡಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ, ಇಬ್ಬರೂ ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವವರು.

ಮೊದಲು ಮಗನ ಪೆಟ್ರೋಲ್ ಲೆಕ್ಕ. 110 ಸಿಸಿ ಸ್ಕೂಟರುಗಳ ಜಾಹೀರಾತಿನ ಮೈಲೇಜು ಒಂದಾದರೆ ರಸ್ತೆಯ ಮೈಲೇಜು ಇನ್ನೊಂದು. ನಿಜವಾದುದನ್ನು ತಿಳಿಯಲು ಹಳೆಯ ಉಪಾಯವೇ ಸಾಕು. ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದಾಗ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಮೂರು ನಾಲ್ಕು ಸಲದ ಸರಾಸರಿ ತೆಗೆದರೆ ಮೈಸೂರಿನಂಥ ಊರಿನಲ್ಲಿ 45ರ ಆಸುಪಾಸು ಬರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾರಿಯಲ್ಲಿ ನಿಂತು ನಿಂತು ಹೋಗುವವರಿಗೆ 40 ಬಂದರೆ ಪುಣ್ಯ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಕಡಿಮೆ. ಅದಕ್ಕೆ ಹೊಂದಿಸದ ದ್ವಿಚಕ್ರ ವಾಹನಗಳ ಮೈಲೇಜು ಶೇ. 3ರಿಂದ 4ರಷ್ಟು ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು.

ರಾಜ್ಯ ಸರ್ಕಾರ 2024ರ ಜೂನಿನಲ್ಲಿ ಮಾರಾಟ ತೆರಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲ್ ಬೆಲೆ 103 ರೂಪಾಯಿಗೆ ಹತ್ತಿರ ಬಂತು. ಆ ಬೆಲೆಯನ್ನೇ ಹಿಡಿದು 45ರಿಂದ ಭಾಗಿಸಿದರೆ ಕಿಲೋಮೀಟರಿಗೆ 2 ರೂಪಾಯಿ 29 ಪೈಸೆ. ಬಹುತೇಕ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗ್ಯಾರೇಜಿನ ಖರ್ಚು ಇನ್ನೂ ಬಾಕಿಯಿದೆ. ನಾಲ್ಕು ಸಾವಿರ ಕಿ.ಮೀ.ಗೊಂದು ಸರ್ವಿಸ್: ಎಂಜಿನ್ ಆಯಿಲ್, ಆಗಾಗ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್. ಇಪ್ಪತ್ತೈದು ಸಾವಿರದ ಹೊತ್ತಿಗೆ ಬೆಲ್ಟು, ರೋಲರ್, ಕ್ಲಚ್ ಶೂ ಬದಲಾಯಿಸುವ ದೊಡ್ಡ ಕೆಲಸ. ನಾಲ್ಕು ವರ್ಷಕ್ಕೊಮ್ಮೆ ಸೆಲ್ಫ್ ಸ್ಟಾರ್ಟಿನ ಸಣ್ಣ ಬ್ಯಾಟರಿ. ಸರ್ವಿಸಿಗೆ ಸರಾಸರಿ 1,400 ರೂಪಾಯಿ ಹಿಡಿದು, ದೊಡ್ಡ ಕೆಲಸ ಮೂರು ಸಲ ಆಯಿತೆಂದುಕೊಂಡರೆ ಎಂಬತ್ತು ಸಾವಿರ ಕಿ.ಮೀ.ಗೆ 42,000 ರೂಪಾಯಿ ಆಗುತ್ತದೆ. ಕಿಲೋಮೀಟರಿಗೆ ಇನ್ನೊಂದು 52 ಪೈಸೆ. ಒಟ್ಟು 2 ರೂಪಾಯಿ 81 ಪೈಸೆ.

ಟೈರು, ಬ್ರೇಕು, ವಿಮೆಯನ್ನು ಈ ಲೆಕ್ಕಕ್ಕೆ ತಂದಿಲ್ಲ. ಎರಡೂ ಗಾಡಿಗಳಿಗೆ ಅವು ಹೆಚ್ಚುಕಡಿಮೆ ಸಮ. ಎಲೆಕ್ಟ್ರಿಕ್ ಗಾಡಿಯ ಥರ್ಡ್ ಪಾರ್ಟಿ ವಿಮೆ ತುಸು ಅಗ್ಗ, ಗಾಡಿಯ ಬೆಲೆ ಹೆಚ್ಚಿರುವುದರಿಂದ ಸ್ವಂತ ಹಾನಿಯ ವಿಮೆ ತುಸು ದುಬಾರಿ.

ಇನ್ನು ಕರೆಂಟಿನ ಲೆಕ್ಕ. ಮೂರು ಕಿಲೋವ್ಯಾಟ್ ಅವರ್‌ಗೆ ಹತ್ತಿರದ ಬ್ಯಾಟರಿಯ ಸ್ಕೂಟರನ್ನು ತೆಗೆದುಕೊಳ್ಳೋಣ. ಕಿಲೋವ್ಯಾಟ್ ಅವರ್ ಎಂದರೆ ಬೇರೇನಲ್ಲ, ಕರೆಂಟ್ ಬಿಲ್ಲಿನ ಒಂದು ಯೂನಿಟ್. ಅಂದರೆ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಹಿಡಿಸುವುದು ಬರೀ ಮೂರು ಯೂನಿಟ್. ಗೀಸರನ್ನು ಒಂದೂವರೆ ಗಂಟೆ ಮರೆತು ಬಿಟ್ಟರೆ ಖರ್ಚಾಗುವಷ್ಟು! ಜಾಹೀರಾತಿನಲ್ಲಿ 120 ಕಿ.ಮೀ. ಎಂದಿದ್ದರೂ ರಸ್ತೆಯಲ್ಲಿ 90 ಸಿಗುತ್ತದೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವಾಗ ಚಾರ್ಜರ್ ಬಿಸಿಯಾಗಿ ಸ್ವಲ್ಪ ಸೋರಿಹೋಗುತ್ತದೆ. ಅದನ್ನು ಬದಿಗಿಟ್ಟು ಒಂದು ಯೂನಿಟ್ಟಿಗೆ ಇಂತಿಷ್ಟು ಓಡುತ್ತದೆ ಎಂದು ಹಿಡಿಯುವುದಾದರೆ 30 ಕಿ.ಮೀ. 2025-26ರ ದರದಲ್ಲಿ ಮನೆಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನೌಕರರ ಪಿಂಚಣಿಯ 36 ಪೈಸೆ ಸರ್‌ಚಾರ್ಜ್, ವಿದ್ಯುತ್ ತೆರಿಗೆ ಸೇರಿಸಿ ಧಾರಾಳವಾಗಿ 7 ರೂಪಾಯಿ ಎನ್ನೋಣ. ಕಿಲೋಮೀಟರಿಗೆ 23 ಪೈಸೆ. ಸರ್ವಿಸ್, ಬೆಲ್ಟು ಎಂದು ಹತ್ತು ವರ್ಷಕ್ಕೆ 20,000 ರೂಪಾಯಿ ಇಟ್ಟರೆ ಇನ್ನೊಂದು 25 ಪೈಸೆ. ಒಟ್ಟು 48 ಪೈಸೆ.

2.81 ಎಲ್ಲಿ, 0.48 ಎಲ್ಲಿ! ಪ್ರತಿ ಕಿಲೋಮೀಟರಿಗೂ 2 ರೂಪಾಯಿ 33 ಪೈಸೆ ಉಳಿತಾಯ. ಶೋರೂಮಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ಇಂಥ ಲೆಕ್ಕವನ್ನೇ. ಇದು ಸುಳ್ಳಲ್ಲ, ಅರ್ಧ ಲೆಕ್ಕ. ಈ 2 ರೂಪಾಯಿ 33 ಪೈಸೆ ಎರಡು ಸಾಲ ತೀರಿಸಬೇಕು. ಒಂದು, ಗಾಡಿ ಕೊಳ್ಳುವಾಗ ಹೆಚ್ಚಿಗೆ ಕೊಟ್ಟ ದುಡ್ಡು. ಇನ್ನೊಂದು, ಮುಂದೆ ಬರುವ ಬ್ಯಾಟರಿ.

ಮೊದಲನೆಯದು ಸುಲಭ. ಸಣ್ಣ ಎಂಜಿನ್ನಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ 110 ಸಿಸಿ ಸ್ಕೂಟರ್ ಆನ್‌ರೋಡ್ ಸುಮಾರು 95,000ಕ್ಕೆ ಸಿಗುತ್ತದೆ. ಎಲೆಕ್ಟ್ರಿಕ್ ಕಡೆ ಆಗಿರುವುದು ಇದಕ್ಕೆ ಉಲ್ಟಾ. 2021ರಲ್ಲಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಯಷ್ಟಿದ್ದ ಕೇಂದ್ರದ ಸಬ್ಸಿಡಿ 2023ರಲ್ಲಿ 10,000ಕ್ಕೆ, 2024ರಲ್ಲಿ 5,000ಕ್ಕೆ, ಆಮೇಲೆ 2,500ಕ್ಕೆ ಕರಗಿತು. ಮೂರು ಯೂನಿಟ್ ಬ್ಯಾಟರಿಯ ಗಾಡಿಗೆ ಎಂಟು ವರ್ಷದ ಬ್ಯಾಟರಿ ವಾರಂಟಿಯನ್ನೂ ಸೇರಿಸಿ 1,35,000 ಎಂದು ಹಿಡಿದರೆ ವ್ಯತ್ಯಾಸ 40,000 ರೂಪಾಯಿ. ಅದನ್ನು 2.33ರಿಂದ ಭಾಗಿಸಿದರೆ 17,000 ಕಿ.ಮೀ. ಮಗ ಅಷ್ಟನ್ನು ಎರಡು ವರ್ಷ ಎರಡು ತಿಂಗಳಲ್ಲಿ ಓಡಿಸುತ್ತಾನೆ. ಅಪ್ಪನಿಗೆ ಏಳು ವರ್ಷ ಬೇಕು.

ಎರಡನೆಯ ಸಾಲ ಬ್ಯಾಟರಿಯದು. ಅದರ ಪೆಟ್ಟಿಗೆಯೊಳಗೆ ಏನಿದೆ ಎಂದು ಒಮ್ಮೆ ನೋಡದಿದ್ದರೆ ಈ ಸಾಲ ಅರ್ಥವಾಗುವುದಿಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ, ಟಾರ್ಚಿನ ಸೆಲ್ಲಿನಂತೆ ಕಾಣುವ ನೂರಾರು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಬೆಸೆದಿರುತ್ತಾರೆ. ಅವುಗಳ ಮೇಲೆ ಕಣ್ಣಿಡಲು ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಬೋರ್ಡು. ಯಾವ ಸೆಲ್ಲಿನ ವೋಲ್ಟೇಜ್ ಎಷ್ಟು, ಯಾವುದು ಬಿಸಿಯಾಗಿದೆ ಎಂದು ನೋಡುತ್ತ, ಮಿತಿ ಮೀರಿದರೆ ಕರೆಂಟ್ ಕಡಿಯುವುದು ಅದರ ಕೆಲಸ.

ಈ ಸೆಲ್ಲುಗಳಿಗೆ ಎರಡು ವಯಸ್ಸು. ಒಂದು ಮೀಟರಿನದು. ಖಾಲಿಯಿಂದ ತುಂಬುವವರೆಗಿನ ಪೂರ್ತಿ ಚಾರ್ಜು ಒಂದು ಸುತ್ತು. ಎರಡು ದಿನ ಅರ್ಧರ್ಧ ಚಾರ್ಜ್ ಮಾಡಿದರೆ ಎರಡೂ ಸೇರಿ ಒಂದು ಸುತ್ತು. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಸೆಲ್ಲುಗಳು 800ರಿಂದ 1,000 ಸುತ್ತು ಮುಗಿಸುವಾಗ ತಮ್ಮ ಸಾಮರ್ಥ್ಯದ ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತವೆ. ಸುತ್ತಿಗೆ 90 ಕಿ.ಮೀ.ಯಂತೆ ಇದು 72,000ದಿಂದ 90,000 ಕಿ.ಮೀ. ಕಬ್ಬಿಣ, ಫಾಸ್ಫೇಟಿನ ಎಲ್‌ಎಫ್‌ಪಿ ಸೆಲ್ಲುಗಳು ಇದರ ಎರಡರಷ್ಟು ಸುತ್ತು ಬಾಳುತ್ತವೆ, ಆದರೆ ತೂಕ ಹೆಚ್ಚು.

ಇನ್ನೊಂದು ಕ್ಯಾಲೆಂಡರಿನ ವಯಸ್ಸು. ಗಾಡಿ ಓಡಲಿ, ನಿಂತಿರಲಿ, ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಒಳಗೆ ಒಂದು ತೆಳುಪದರ ನಿಧಾನವಾಗಿ ದಪ್ಪವಾಗುತ್ತ ಲಿಥಿಯಮ್ಮನ್ನು ನುಂಗುತ್ತ ಹೋಗುತ್ತದೆ. ಇದಕ್ಕೆ ವೇಗ ಕೊಡುವುದು ಎರಡು ಸಂಗತಿ: ಬಿಸಿ ಮತ್ತು ತುಂಬಿದ ಚಾರ್ಜು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ತಗಡಿನ ಶೀಟಿನ ಕೆಳಗೆ ನಿಲ್ಲಿಸಿದ ಗಾಡಿ, ಮೈಸೂರಿನ ಹೊಂಗೆ ಮರದ ನೆರಳಲ್ಲಿ ಅರ್ಧ ಚಾರ್ಜಿನಲ್ಲಿ ನಿಂತ ಗಾಡಿಗಿಂತ ಬೇಗ ಮುದಿಯಾಗುತ್ತದೆ. ಓಡದಿದ್ದರೂ ಸರಿ. ‘ನಾನು ಜಾಸ್ತಿ ಓಡಿಸೋದೇ ಇಲ್ಲ, ನಂಗೆ ಬ್ಯಾಟರಿ ಇಪ್ಪತ್ತು ವರ್ಷ ಬರತ್ತೆ’ ಎನ್ನುವವರ ಮಾತು ಕೆಡುವುದು ಇಲ್ಲೇ.

ಹೊಸ ಬ್ಯಾಟರಿಗೆ ಎಷ್ಟು? ಸ್ಕೂಟರ್ ಬ್ಯಾಟರಿಗೆ ಕಿಲೋವ್ಯಾಟ್ ಅವರ್‌ಗೆ 15ರಿಂದ 20 ಸಾವಿರ ರೂಪಾಯಿ ಹಿಡಿಯುವುದು ವಾಡಿಕೆ. ಮೂರು ಯೂನಿಟ್ಟಿನದಕ್ಕೆ 45ರಿಂದ 60 ಸಾವಿರ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಜಾಗತಿಕ ಸರಾಸರಿ ಬೆಲೆ 115 ಡಾಲರ್ ಎಂದಿದೆಯಲ್ಲ, ಆ ಲೆಕ್ಕದಲ್ಲಿ ಮೂವತ್ತು ಸಾವಿರಕ್ಕೇ ಬರಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಬೆಲೆ ಕಾರ್ಖಾನೆಗಳು ಸಗಟಾಗಿ ಕೊಳ್ಳುವ, ಹೆಚ್ಚಾಗಿ ಕಾರು ಬಸ್ಸುಗಳ ದೊಡ್ಡ ಬ್ಯಾಟರಿಗಳದ್ದು. ಸಣ್ಣ ಪೆಟ್ಟಿಗೆಗೂ ಬಿಎಂಎಸ್ ಬೇಕು, ನೀರು ಹೋಗದ ಕವಚ ಬೇಕು, ಡೀಲರಿನ ಪಾಲು ಬೇಕು. ತೆರಿಗೆಯದು ಇನ್ನೊಂದು ವಿಚಿತ್ರ. ಗಾಡಿಯೊಳಗೆ ಕೂತು ಬಂದ ಬ್ಯಾಟರಿಗೆ ಗಾಡಿಯ ಜೊತೆ ಶೇ. 5 ಜಿಎಸ್‌ಟಿ, ಅದೇ ಬ್ಯಾಟರಿಯನ್ನು ಆಮೇಲೆ ಬಿಡಿಯಾಗಿ ಕೊಂಡರೆ ಶೇ. 18.

60,000 ಎಂದೇ ಹಿಡಿಯೋಣ. ಅದನ್ನು ಬ್ಯಾಟರಿ ಬಾಳುವ 80,000 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ 75 ಪೈಸೆ. ಈ ಅಂದಾಜು ಸರಿಯೇ ಎಂದು ಪರೀಕ್ಷಿಸಲು ಮಾರುಕಟ್ಟೆಯಲ್ಲೇ ಒಂದು ದಾರಿ ತೆರೆದುಕೊಂಡಿದೆ. 2025ರ ಜುಲೈಯಲ್ಲಿ ಹೀರೋ ಕಂಪನಿ ತನ್ನ ವಿಡಾ ವಿಎಕ್ಸ್2 ಸ್ಕೂಟರನ್ನು ಬ್ಯಾಟರಿಯ ಬೆಲೆ ಬಿಟ್ಟು ಮಾರುವ ಯೋಜನೆ ತಂದಿತು. ಬ್ಯಾಟರಿಗೆ ಬಾಡಿಗೆ, ಕಿಲೋಮೀಟರಿಗೆ 96 ಪೈಸೆಯಿಂದ ಶುರು. ಮರುತಿಂಗಳು ಬೆಂಗಳೂರಿನ ಏಥರ್ ಕಿಲೋಮೀಟರಿಗೆ 1 ರೂಪಾಯಿಯಿಂದ ಎಂದಿತು. ತಿಂಗಳಿಗೆ ಇಂತಿಷ್ಟು ಕಿ.ಮೀ. ಓಡಿಸಲೇಬೇಕು ಎಂಬಂಥ ಷರತ್ತುಗಳು ಇವುಗಳಲ್ಲಿ ಇರುತ್ತವೆ, ಓದಿಯೇ ಸಹಿ ಹಾಕಬೇಕು. ಅದಿರಲಿ. ಬ್ಯಾಟರಿ ತಯಾರಿಸುವವರ ಒಳಗುಟ್ಟು ಬಲ್ಲ ಕಂಪನಿಗಳೇ ಬಡ್ಡಿ, ಲಾಭ ಎಲ್ಲ ಸೇರಿಸಿ ಹೇಳುತ್ತಿರುವ ಬಾಡಿಗೆ ಒಂದು ರೂಪಾಯಿ ಆಸುಪಾಸು. ನೆಂಟರ ಆ ಎರಡನೇ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ: ಬ್ಯಾಟರಿ ಸವೆತದ ಬೆಲೆ ಕಿಲೋಮೀಟರಿಗೆ ಮುಕ್ಕಾಲರಿಂದ ಒಂದು ರೂಪಾಯಿ.

ಈಗ ಮಗನ ಹತ್ತು ವರ್ಷದ ಒಟ್ಟು ಲೆಕ್ಕ. ಪೆಟ್ರೋಲ್ ಗಾಡಿಗೆ 95,000, ಪೆಟ್ರೋಲಿಗೆ 1,83,000, ಗ್ಯಾರೇಜಿಗೆ 42,000. ಒಟ್ಟು 3,20,000. ಹತ್ತು ವರ್ಷದ ಹಳೆಯ ಸ್ಕೂಟರಿಗೂ ನಮ್ಮಲ್ಲಿ ಗಿರಾಕಿ ಇರುತ್ತಾರೆ. 20,000ಕ್ಕೆ ಮಾರಿದನೆಂದರೆ ಉಳಿದದ್ದು ಮೂರು ಲಕ್ಷ. ಕಿಲೋಮೀಟರಿಗೆ 3 ರೂಪಾಯಿ 75 ಪೈಸೆ. ಎಲೆಕ್ಟ್ರಿಕ್ ಗಾಡಿಗೆ 1,35,000, ಕರೆಂಟಿಗೆ 19,000, ಸರ್ವಿಸಿಗೆ 20,000. ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೈಕೊಟ್ಟಿತು, ಪೂರ್ತಿ 60,000 ತೆತ್ತ, ಹಳೇ ಗಾಡಿಗೆ ಒಂದು ಪೈಸೆಯೂ ಹುಟ್ಟಲಿಲ್ಲ ಎಂದು ಅತಿ ಕೆಟ್ಟದ್ದನ್ನೇ ಊಹಿಸಿದರೂ ಒಟ್ಟು 2,34,000. ಕಿಲೋಮೀಟರಿಗೆ 2 ರೂಪಾಯಿ 93 ಪೈಸೆ. ಹತ್ತು ವರ್ಷದಲ್ಲಿ 66,000 ರೂಪಾಯಿ ಮಗನ ಜೇಬಿನಲ್ಲಿ ಉಳಿಯಿತು. ಹೊಸ ಬ್ಯಾಟರಿಯಲ್ಲಿ ಇನ್ನೂ ಹಲವು ವರ್ಷದ ಓಟ ಬಾಕಿಯಿದೆ, ಅದು ಲೆಕ್ಕಕ್ಕೇ ಬಂದಿಲ್ಲ. ‘ಉಳಿಸಿದ್ದೆಲ್ಲ ಬ್ಯಾಟರಿಗೇ ಹೋಗತ್ತೆ’ ಎಂಬ ಮಾತು ಮಗನ ಮಟ್ಟಿಗೆ ನಿಜವಲ್ಲ. ಬ್ಯಾಟರಿಗೆ ಹೋಗುವುದು 26,000 ಕಿ.ಮೀ.ಗಳ ಉಳಿತಾಯ ಮಾತ್ರ.

ಅಪ್ಪನದು ಬೇರೆ ಕಥೆ. ಹತ್ತು ವರ್ಷಕ್ಕೆ ಅವರ ಗಾಡಿ ಓಡುವುದು 25,000 ಕಿ.ಮೀ. ಪೆಟ್ರೋಲ್ ಗಾಡಿಯಾದರೆ 95,000 ಬೆಲೆ, 57,000 ಪೆಟ್ರೋಲ್, 20,000 ಸರ್ವಿಸ್. ಕಡಿಮೆ ಓಡಿದ ಗಾಡಿಯೆಂದು 25,000ಕ್ಕೆ ಮಾರಾಟ. ಕಿಲೋಮೀಟರಿಗೆ 5 ರೂಪಾಯಿ 88 ಪೈಸೆ. ಮಗ ಕೊಂಡಂಥದ್ದೇ ಎಲೆಕ್ಟ್ರಿಕ್ ಗಾಡಿ ಕೊಂಡರೆ ಕರೆಂಟಿಗೆ ಹತ್ತು ವರ್ಷಕ್ಕೆ ಆರೇ ಸಾವಿರ! ಆದರೂ ಗಾಡಿಯ ಬೆಲೆ, ಸರ್ವಿಸ್ ಸೇರಿ 1,51,000 ಆಗಿ, ಬ್ಯಾಟರಿ ಬದಲಿಸದೆಯೇ 6 ರೂಪಾಯಿ ದಾಟಿತು. ಕ್ಯಾಲೆಂಡರಿನ ವಯಸ್ಸಾಗಿ ಬ್ಯಾಟರಿ ಹೋಯಿತೆಂದರೆ 8 ರೂಪಾಯಿ 44 ಪೈಸೆ. ಇಪ್ಪತ್ತಮೂರು ಪೈಸೆಗೆ ಓಡುವ ಗಾಡಿಯೇ ಇದು!

ದಿನಕ್ಕೆ ಏಳು ಕಿ.ಮೀ. ಓಡುವವರು 90 ಕಿ.ಮೀ. ಓಡುವ ಬ್ಯಾಟರಿಗೆ ದುಡ್ಡು ಕೊಟ್ಟದ್ದೇ ಇಲ್ಲಿನ ತಪ್ಪು. ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಹಿಡಿಯುವ ಸಣ್ಣ ಬ್ಯಾಟರಿಯ ಗಾಡಿಗಳು ಈಗ ಆನ್‌ರೋಡ್ ಲಕ್ಷದ ಸುತ್ತಮುತ್ತ ಸಿಗುತ್ತವೆ. 1,05,000ಕ್ಕೆ ಅಂಥದೊಂದನ್ನು ಕೊಂಡರೆ ಅಪ್ಪನ ಖರ್ಚು ಕಿಲೋಮೀಟರಿಗೆ 4 ರೂಪಾಯಿ 84 ಪೈಸೆಗೆ ಇಳಿಯುತ್ತದೆ. ಅದರ ಬ್ಯಾಟರಿಗೆ 40,000 ತೆರಬೇಕಾಗಿ ಬಂದರೆ 6 ರೂಪಾಯಿ 44 ಪೈಸೆಗೆ ಏರುತ್ತದೆ. ಅಂದರೆ ಹತ್ತು ವರ್ಷ ಬ್ಯಾಟರಿ ಬಾಳಿದರೆ ಎಲೆಕ್ಟ್ರಿಕ್ ಗೆಲ್ಲುತ್ತದೆ, ಬಾಳದಿದ್ದರೆ ಪೆಟ್ರೋಲ್. ಇನ್ನು ಮನೆಯಲ್ಲಿ ಆರೇಳು ವರ್ಷದ ಹಳೆಯ ಪೆಟ್ರೋಲ್ ಸ್ಕೂಟರ್ ಚೆನ್ನಾಗೇ ಓಡುತ್ತಿದ್ದರೆ ಮೇಷ್ಟ್ರು ಈ ಲೆಕ್ಕವನ್ನೆಲ್ಲ ಮಡಿಚಿಟ್ಟು ಅದನ್ನೇ ಓಡಿಸುವುದು ಲೇಸು. ಅದರ ಬೆಲೆ ಎಂದೋ ತೀರಿಹೋಗಿದೆ.

ಹಾಗಾದರೆ ಗೆರೆ ಎಲ್ಲಿದೆ? ಮೇಲಿನ ಅಂಕಿಗಳನ್ನೇ ಹಿಡಿದರೆ ಹುಡುಕುವುದು ಕಷ್ಟವಲ್ಲ. ಹೆಚ್ಚಿಗೆ ಕೊಟ್ಟ 40,000, ಬ್ಯಾಟರಿಯ 60,000, ಪೆಟ್ರೋಲ್ ಗಾಡಿಗೆ ಸಿಗುವ ಹಳೇ ಬೆಲೆ 20,000. ಮೂರೂ ಸೇರಿ 1,20,000. ಇದನ್ನು 2.33ರಿಂದ ಭಾಗಿಸಿದರೆ 51,500 ಕಿ.ಮೀ. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 14 ಕಿ.ಮೀ. ಅದಕ್ಕಿಂತ ಹೆಚ್ಚು ಓಡಿಸುವವರು ಬ್ಯಾಟರಿ ಬದಲಿಸಿಯೂ ಲಾಭದಲ್ಲಿರುತ್ತಾರೆ. ದಿನಕ್ಕೆ ನೂರು ಕಿ.ಮೀ. ಸುತ್ತುವ ಡೆಲಿವರಿ ಹುಡುಗರು ಎಲೆಕ್ಟ್ರಿಕ್ ಗಾಡಿಗೆ ಮುಗಿಬಿದ್ದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಅವರ ಬ್ಯಾಟರಿ ಮೂರು ವರ್ಷದೊಳಗೇ 80,000 ಕಿ.ಮೀ. ಮುಟ್ಟುತ್ತದೆ, ವಾರಂಟಿ ಎಂಟು ವರ್ಷವೆಂದು ಬರೆದಿದ್ದರೂ ‘ಯಾವುದು ಮೊದಲೋ ಅದು’ ಎಂಬ ಸಾಲಿನಿಂದಾಗಿ ಅಂದೇ ಮುಗಿಯುತ್ತದೆ. ಆದರೆ ಅಷ್ಟರಲ್ಲಿ ಅದು ತನ್ನ ಬೆಲೆಯ ಮೂರರಷ್ಟು ಪೆಟ್ರೋಲ್ ಉಳಿಸಿರುತ್ತದೆ.

ಈ ಗೆರೆ ಆ ಕಡೆ ಈ ಕಡೆ ಜರುಗುವ ಸಂದರ್ಭಗಳೂ ಇವೆ. ಕರ್ನಾಟಕದಲ್ಲಿ ಒಂದಂತೂ ಬಲು ತಮಾಷೆಯದು. ಗೃಹಜ್ಯೋತಿಯಲ್ಲಿ ಮನೆಗೆ ಉಚಿತವಾಗಿ ಸಿಗುವುದು ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಮಗನ ಗಾಡಿ ತಿಂಗಳಿಗೆ ಕುಡಿಯುವುದು 22 ಯೂನಿಟ್. ಮನೆಯ ಬಳಕೆ ಮೊದಲೇ 185 ಇದ್ದು ಬಿಲ್ಲು ಸೊನ್ನೆ ಬರುತ್ತಿತ್ತು ಎಂದುಕೊಳ್ಳಿ. ಈಗ 207 ಆಯಿತು. ಎರಡು ಕಿಲೋವ್ಯಾಟ್ ಸಂಪರ್ಕದ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಬಿಲ್ಲು 1,600 ದಾಟುತ್ತದೆ. ಆ ತಿಂಗಳು ಓಡಿದ 667 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ 2 ರೂಪಾಯಿ 40 ಪೈಸೆ, ಪೆಟ್ರೋಲಿಗಿಂತ ಹೆಚ್ಚು! ವಾರಕ್ಕೆರಡು ದಿನ ಕಾರ್ಖಾನೆಯಲ್ಲಿ ಚಾರ್ಜ್ ಹಾಕಿಕೊಂಡರೆ, ಇಲ್ಲವೇ ಗೀಸರ್ ಸ್ವಲ್ಪ ಕಡಿಮೆ ಹಾಕಿದರೆ ಈ ಏಳು ಯೂನಿಟ್ಟಿನ ಸಂಕಟ ತಪ್ಪುತ್ತದೆ. ಅದೇ ಬಳಕೆ 150ರೊಳಗಿದ್ದು, ಉಚಿತ ಮಿತಿಯಲ್ಲಿ ಜಾಗ ಉಳಿದಿರುವ ಮನೆಗಳಲ್ಲಿ ಗಾಡಿ ಪುಕ್ಕಟೆಯಾಗಿ ಓಡುತ್ತಿದೆ.

ಬಾಡಿಗೆ ಮನೆಯವರ ತಾಪತ್ರಯ ಇನ್ನೊಂದು ಬಗೆಯದು. ಮೊದಲ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು ಚಾರ್ಜ್ ಮಾಡುವುದು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಕಾಣುವ ದೃಶ್ಯ. ಸಣ್ಣ ವೈರು ಬಿಸಿಯಾಗುತ್ತದೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಹಲವು ಚಾರ್ಜರುಗಳು ಕೆಲಸವನ್ನೇ ಮಾಡುವುದಿಲ್ಲ. ರಸ್ತೆಬದಿಯ ಚಾರ್ಜಿಂಗ್ ಸ್ಟೇಷನ್ನನ್ನೇ ನಂಬಿದರೆ ದರ ಮನೆಯದಕ್ಕಿಂತ ಎರಡರಷ್ಟು, ಮೂರರಷ್ಟಾಗಿ 23 ಪೈಸೆ ಇದ್ದದ್ದು 50, 60 ಪೈಸೆಗೆ ಏರುತ್ತದೆ. ಆಗಲೂ ಪೆಟ್ರೋಲಿಗಿಂತ ಅಗ್ಗವೇ. ಕಾದು ನಿಲ್ಲುವ ಹೊತ್ತಿಗೆ ಬೆಲೆ ಕಟ್ಟುವುದು ಅವರವರಿಗೆ ಬಿಟ್ಟದ್ದು.

ಇದಕ್ಕಿಂತ ದೊಡ್ಡ ಅಪಾಯ ಕಂಪನಿಯೇ ಇಲ್ಲವಾಗುವುದು. ಪೆಟ್ರೋಲ್ ಸ್ಕೂಟರಿನ ಕ್ಲಚ್ ಶೂ ತಾಲ್ಲೂಕು ಕೇಂದ್ರದ ಯಾವುದೇ ಸ್ಪೇರ್‌ಪಾರ್ಟ್ ಅಂಗಡಿಯಲ್ಲಿ ಸಿಗುತ್ತದೆ. ಎಲೆಕ್ಟ್ರಿಕ್ ಗಾಡಿಯ ಬಿಎಂಎಸ್, ಕಂಟ್ರೋಲರ್, ಡಿಸ್‌ಪ್ಲೇ ಮೂರೂ ತಮ್ಮೊಳಗೆ ಮಾತ್ರ ಮಾತಾಡಿಕೊಳ್ಳುವ ಹಾಗೆ ಸಾಫ್ಟ್‌ವೇರಿನಲ್ಲಿ ಬೆಸೆದುಕೊಂಡಿರುತ್ತವೆ. ಬೇರೆಯವರ ಬ್ಯಾಟರಿ ತಂದು ಜೋಡಿಸಿದರೆ ಗಾಡಿ ಒಪ್ಪುವುದಿಲ್ಲ. ಬಾಗಿಲು ಹಾಕಿದ ಸಣ್ಣ ಕಂಪನಿಯ ಗಾಡಿ ಕೊಂಡವರಿಗೆ ಎಂಟು ವರ್ಷದ ವಾರಂಟಿ ಬರೀ ಕಾಗದ. ಆಗ ಕೆಲವರು ಪೆಟ್ಟಿಗೆ ಬಿಚ್ಚಿ ಸೆಲ್ ಬದಲಿಸಿಕೊಡುವವರ ಬಳಿ ಹೋಗುತ್ತಾರೆ. ಅಗ್ಗಕ್ಕೆ ಆಗುತ್ತದೆ ನಿಜ. ಆದರೆ ಹಳೆಯ ಸೆಲ್ಲಿನ ನಡುವೆ ಹೊಸದನ್ನು ಬೆಸೆದರೆ ಎರಡರ ಗತಿ ಹೊಂದುವುದಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಗಳನ್ನು ಬಿಗಿಗೊಳಿಸಿತು. ಪೆಟ್ಟಿಗೆಯನ್ನು ಎಲ್ಲೆಂದರಲ್ಲಿ ಬಿಚ್ಚಿದರೆ ಆ ಪರೀಕ್ಷೆಗಳಿಗೆ ಅರ್ಥ ಉಳಿಯುವುದಿಲ್ಲ, ವಾರಂಟಿಯೂ ಉಳಿಯುವುದಿಲ್ಲ.

ಬ್ಯಾಟರಿ ಸೋಲುತ್ತಿರುವುದು ತಿಳಿಯುವುದು ಹೇಗೆ? ಮೊದಲ ಸೂಚನೆ ಡಿಸ್‌ಪ್ಲೇಯ ಮೇಲೆಯೇ ಬರುತ್ತದೆ. ವರ್ಷಕ್ಕಿಷ್ಟು ಎಂದು ಓಟ ಮೆಲ್ಲಗೆ ಇಳಿಯುತ್ತಿದ್ದರೆ ಅದು ಸಹಜ ಮುಪ್ಪು. ಇಪ್ಪತ್ತು ಪರ್ಸೆಂಟ್ ತೋರಿಸುತ್ತಿದ್ದದ್ದು ಚಾಮುಂಡಿ ಬೆಟ್ಟದ ಏರಿನಲ್ಲಿ ಇದ್ದಕ್ಕಿದ್ದಂತೆ ಐದಕ್ಕೆ ಬಿದ್ದರೆ, ಸೆಲ್ಲುಗಳಲ್ಲಿ ಕೆಲವು ಉಳಿದವುಗಳಿಗಿಂತ ದುರ್ಬಲವಾಗಿವೆ ಎಂದು ಅರ್ಥ. ಅಂಥದು ವಾರಂಟಿಯೊಳಗೇ ಕಂಡರೆ ತಡಮಾಡದೆ ಸರ್ವಿಸ್ ಸೆಂಟರಿನಲ್ಲಿ ಜಾಬ್‌ಕಾರ್ಡ್ ಬರೆಸಿ, ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನು ಕೇಳಿ ಪಡೆಯಬೇಕು. ಎಂಟು ವರ್ಷದ ವಾರಂಟಿಗಳಲ್ಲಿ ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತೇವೆ ಎಂಬ ಷರತ್ತು ಕಾಣಸಿಗುತ್ತದೆ. 72 ಇದ್ದರೆ ಇಲ್ಲ. ಹೀಗಾಗಿ ಅಂಕಿ ಯಾರ ಕೈಯಲ್ಲಿದೆ ಎನ್ನುವುದೇ ಮುಖ್ಯವಾಗುತ್ತದೆ.

ಆ ಅಂಕಿಯನ್ನು ಮನೆಯಲ್ಲೇ ಅಂದಾಜು ಮಾಡಲೂ ಬರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ, ಯೂನಿಟ್ ತೋರಿಸುವ ಸಣ್ಣ ಮೀಟರುಗಳು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಗಾಡಿ ಹೊಸದಿದ್ದಾಗಲೇ ಒಂದು ಸಲ 20 ಪರ್ಸೆಂಟಿನಿಂದ 100ರವರೆಗೆ ಚಾರ್ಜ್ ಮಾಡಿ ಎಷ್ಟು ಯೂನಿಟ್ ಹಿಡಿಯಿತೆಂದು ಬರೆದಿಡಬೇಕು. ಮೂರು ಯೂನಿಟ್ಟಿನ ಬ್ಯಾಟರಿಯಾದರೆ ಚಾರ್ಜರಿನ ಸೋರಿಕೆ ಸೇರಿ 2.7ರಷ್ಟು ಬರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ಹವೆಯಲ್ಲಿ, ಅದೇ ಚಾರ್ಜರಿನಿಂದ ಮತ್ತೆ ಅಳೆಯಬೇಕು. ಐದನೇ ವರ್ಷ ಅದೇ 20ರಿಂದ 100ಕ್ಕೆ 2.1 ಯೂನಿಟ್ ಮಾತ್ರ ಹಿಡಿದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ. 78. ಹಳೆಯ ಎಲೆಕ್ಟ್ರಿಕ್ ಗಾಡಿ ಕೊಳ್ಳಲು ಹೊರಟವರಿಗೂ ಇದೇ ಪರೀಕ್ಷೆ. ಓಡೋಮೀಟರ್ ಹನ್ನೆರಡೇ ಸಾವಿರ ತೋರಿಸುತ್ತಿದೆ ಎಂದು ಖುಷಿಪಡುವ ಮೊದಲು ಮಾರುವವರ ಮನೆಯ ಪ್ಲಗ್ಗಿಗೆ ಆ ಮೀಟರ್ ಸಿಕ್ಕಿಸಿ, ನಾಲ್ಕೈದು ಗಂಟೆ ಬಿಟ್ಟು ಬಂದು ನೋಡಬಹುದು. ಗಾಡಿ ಚೆನ್ನಾಗಿದೆ ಎಂಬ ನಂಬಿಕೆಯಿರುವವರು ಅದಕ್ಕೆ ಬೇಡವೆನ್ನುವುದಿಲ್ಲ.